ಹಮ್ಮನ ಎಡಗೈ

“ಇವ ಎಂತ ಡಾಕ್ಟರ? ಇವನ ಅವ್ವಿ ಕಾಸರಕೋಡಿಂದ ಒಣಮೀನು ಹೊತ್ಕಂಡು ಬಂದು ನಮ್ಮ ಜಗಲಿ ಮೇಲೆ ಕೂತು ತಂಗಳನ್ನ ಉಂಡವ್ಳು. ನನ್ನ ಅಣ್ಣನ ಮೈಗೆ ಇವ ಕೈ ಹಚ್ಚೂದ? ದೊಡ್ಡ ಡಾಕ್ಟ್ರನ್ನ ಕರೀರಿ.”

ಗಂಗೆ ಹೀಗಂದಾಗ ಭಟ್ಕಳದ ಆ ಆಸ್ಪತ್ರೆಯ ತುರ್ತು ಕೋಣೆಯ ಬಾಗಿಲಲ್ಲಿ ಹದಿನೈದು ಜನರಿದ್ದರು. ಬಂದರದಿಂದ ಅವಳ ಅಣ್ಣ ಹಮ್ಮನನ್ನು ಹೊತ್ತು ತಂದವರು, ಚೀಟಿಗೆ ನಿಂತವರು, ಮಗುವಿಗೆ ಸೂಜಿ ಹಾಕಿಸಲು ಬಂದ ಇಬ್ಬರು ನವಾಯತ ಮುಸ್ಲಿಂ ಹೆಂಗಸರು. ಯಾರೂ ನಗಲಿಲ್ಲ. ನಕ್ಕಿದ್ದರೆ ಡಾಕ್ಟರ್ ವೆಂಕಟನಿಗೆ ಇಷ್ಟು ಉರಿಯುತ್ತಿರಲಿಲ್ಲ. ದೊಡ್ಡ ಡಾಕ್ಟರು ಕಾರವಾರದ ಮೀಟಿಂಗಿಗೆ ಹೋಗಿದ್ದರು. ಇದ್ದವನು ಇವನೊಬ್ಬನೇ.

೧೯೮೪ರ ಏಪ್ರಿಲ್. ನಡು ಮಧ್ಯಾಹ್ನ. ಕರೆಂಟ್ ಹೋಗಿ ಫ್ಯಾನು ನಿಂತಿತ್ತು. ಹೊರಗಿನ ಬಿಸಿಲಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ.

ಹಮ್ಮನಿಗೆ ಐವತ್ತೆಂಟು. ಎರಡು ದೋಣಿಯ ಯಜಮಾನ. ದೋಣಿ ಎಳೆಯುವಾಗ ಹಗ್ಗ ಬಿಟ್ಟು ಎದೆ ಹಿಡಿದುಕೊಂಡು ಮರಳಿನಲ್ಲಿ ಕೂತನಂತೆ. ಮೈಯೆಲ್ಲ ತಣ್ಣನೆ ಬೆವರು. ಎಡಗೈಗೆ ಮಾತ್ರ ರಟ್ಟೆಯಿಂದ ಬೆರಳ ತುದಿಯವರೆಗೆ ಕೆಂಪು ಬಟ್ಟೆ ಸುತ್ತಿ, ಮೇಲೆ ಕರಿದಾರ ಬಿಗಿದಿತ್ತು.

ವೆಂಕಟ ಸಿಟ್ಟನ್ನು ನುಂಗಿ ಕೆಲಸಕ್ಕೆ ಇಳಿದ. ಮೊದಲು ಉಸಿರು ನೋಡಿದ. ವೇಗವಾಗಿತ್ತು, ಆದರೆ ಎರಡೂ ಕಡೆ ಗಾಳಿ ಸಮನಾಗಿ ಹೋಗುತ್ತಿತ್ತು, ಶ್ವಾಸಕೋಶ ಒಡೆದಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದ. ಸಿಸ್ಟರ್ ನತಾಲಿನಾ ಹೇಳುವ ಮೊದಲೇ ಆಕ್ಸಿಜನ್ ಹಚ್ಚಿ, ಬಲಗೈ ನರಕ್ಕೆ ಸೂಜಿ ಚುಚ್ಚಿ ಸಲೈನ್ ದಾರಿ ಮಾಡಿಟ್ಟಳು. ಬಲಗೈಯಲ್ಲಿ ನಾಡಿ ನೂರಹತ್ತು. ಬಿ.ಪಿ. ನೂರತೊಂಬತ್ತು, ನೂರು.

ಇನ್ನೊಂದು ಕೈಗೂ ಬಿ.ಪಿ. ಪಟ್ಟಿ ಸುತ್ತಿ ನೋಡಬೇಕು. ಎದೆನೋವು ಅಂದರೆ ಎರಡೂ ಕೈ. ಹುಬ್ಬಳ್ಳಿಯಲ್ಲಿ ಕಲಿಸಿದ ಮೇಷ್ಟ್ರು ಇದನ್ನು ಬೈದು ಬೈದು ತಲೆಗೆ ತುಂಬಿದ್ದರು. ಅವನ ಕೈ ಕೆಂಪು ಬಟ್ಟೆಯ ಹತ್ತಿರ ಹೋಗಿದ್ದೇ ಗಂಗೆ ಅಡ್ಡ ಬಂದಳು. ಕಳೆದ ಮಳೆಗಾಲದಲ್ಲಿ ಹಮ್ಮನ ತಮ್ಮ ಮಾಸ್ತಿ ಅಳಿವೆಯಲ್ಲಿ ಮುಳುಗಿದಾಗ ಕಡೆಯದಾಗಿ ಹಿಡಿದದ್ದು ಅಣ್ಣನ ಈ ಕೈಯನ್ನೇ. ಹಮ್ಮ ಬಿಡಿಸಿಕೊಂಡು ಬದುಕಿದ. ಅಂದಿನಿಂದ ಮಾಸ್ತಿ ಕನಸಿನಲ್ಲಿ ಬಂದು ಅದೇ ಕೈ ಕೇಳುತ್ತಾನೆ. ದೈವ ಮೈಮೇಲೆ ಬರುವ ಪಾತ್ರಿ ನೋಡಿ, ಮಂತ್ರಿಸಿ ಕಟ್ಟಿದ್ದು. ಬರುವ ಅಮಾಸೆಯ ತನಕ ಅದು ಗಾಳಿ ಕಾಣಬಾರದು. ಇಷ್ಟನ್ನೂ ಅವಳು ಜಗಳದ ದನಿಯಲ್ಲೇ ಹೇಳಿ ಮುಗಿಸಿದಳು.

ಆತು, ನಿನ್ನ ಅಣ್ಣ, ನಿನ್ನ ಬಟ್ಟೆ, ಎಂದುಕೊಂಡ ವೆಂಕಟ. ಹೀಗಂದುಕೊಳ್ಳಬಾರದಿತ್ತು. ಬೇರೆಯವಳಾಗಿದ್ದರೆ ನಿಂತು ತಿಳಿಸಿ ಹೇಳುತ್ತಿದ್ದ, ಇಲ್ಲವೆ ಗದರಿಸಿ ಬಿಚ್ಚುತ್ತಿದ್ದ. ಇವಳ ಎದುರು ಮತ್ತೊಂದು ಮಾತು ಕೇಳಿಸಿಕೊಳ್ಳುವ ಮನಸ್ಸಾಗಲಿಲ್ಲ. ಪಟ್ಟಿಯನ್ನು ಮಡಚಿಟ್ಟ.

ಇಸಿಜಿ ಪೆಟ್ಟಿಗೆ ಬ್ಯಾಟರಿಯ ಮೇಲೆ ಓಡಿತು. ಎಡ ಮಣಿಕಟ್ಟಿಗೆ ಕಟ್ಟುವ ತಗಡನ್ನು ನತಾಲಿನಾ ಎಡ ಭುಜಕ್ಕೆ ಕಟ್ಟಿದಳು. ಅದರಿಂದ ಕಾಗದದ ಗೀಟಿಗೇನೂ ಕೊರತೆಯಾಗುವುದಿಲ್ಲ, ಅದೇ ಎಡವಟ್ಟಾಯಿತು. ಬಟ್ಟೆ ಬಿಚ್ಚದೆಯೇ ಎಲ್ಲ ಆಯಿತು ಅನ್ನಿಸಿಬಿಟ್ಟಿತು. ಕಾಗದದಲ್ಲಿ ಹೃದಯಾಘಾತದ ಸ್ಪಷ್ಟ ಗುರುತು ಇರಲಿಲ್ಲ. ಆದರೆ ಮೊದಲ ಕಾಗದ ಸರಿ ಇದ್ದ ಮಾತ್ರಕ್ಕೆ ಹೃದಯ ಸರಿ ಇದೆ ಎನ್ನುವಂತಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ನಾಲಿಗೆಯಡಿಗೆ ಎದೆನೋವಿನ ಸಾರ್ಬಿಟ್ರೇಟ್ ಮಾತ್ರೆ ಇಟ್ಟರು. ನೋವು ಕದಲಲಿಲ್ಲ. ಎರಡನೆಯ ಕಾಗದವೂ ಹಾಗೇ ಬಂತು.

ನೋವು ಹೇಗೆ ಶುರುವಾಯಿತು ಎಂದು ವೆಂಕಟ ಕೇಳಿದ್ದ. ಒಂದೇ ಏಟಿಗೆ ಬಂತು, ಹಳೇ ಹಾಯಿ ಹರಿದ ಹಾಗೆ ಎದೆಯಿಂದ ಬೆನ್ನಿಗೆ ಹರೀತು ಎಂದಿದ್ದ ಹಮ್ಮ. ಆ ಮಾತು ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ತಲೆಯಲ್ಲಿ ಅವ್ವಿಯ ತಂಗಳನ್ನವಿತ್ತು. ಹೃದಯಾಘಾತವೇ ಇರಬೇಕೆಂದು ತೀರ್ಮಾನಿಸಿ, ಫ್ರಿಜ್ಜಿನಲ್ಲಿದ್ದ ಒಂದೇ ಒಂದು ಹೆಪಾರಿನ್ ಶೀಶೆ ತರಿಸಿದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು. ಸಿರಿಂಜಿಗೆ ಎಳೆದು ಗಾಳಿ ಹೊರಗೆ ಬಿಟ್ಟ.

ಆಗ ಹಮ್ಮ ಕಣ್ಣು ತೆರೆದು ಮಂಚದ ಎಡಕ್ಕೆ ನೋಡಿದ. ಅಲ್ಲಿ ಬರೀ ಗೋಡೆಯಿತ್ತು.

“ಅವನಿಗೆ ಕೈ ಬಿಡೂಕೆ ಹೇಳಿ ಡಾಕ್ಟ್ರೆ,” ಎಂದ, ಮೆಲ್ಲಗೆ, ಪಕ್ಕದಲ್ಲಿ ಕೂತವನಿಗೆ ಬೇಸರವಾಗದ ಹಾಗೆ. “ಥಂಡಿ ಅದೆ ಅವನ ಕೈ. ನನ್ನ ಕೈ ಸತ್ತೇ ಹೋತು.”

ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ನತಾಲಿನಾ ಎದೆಯ ಮೇಲಿನ ಶಿಲುಬೆ ಮುಟ್ಟಿಕೊಂಡಳು.

ವೆಂಕಟನಿಗೆ ಮಾಸ್ತಿಯ ಭಯವಾಗಲಿಲ್ಲ, ಹಮ್ಮನ ಮಾತು ಈಗ ತಲೆಗೆ ಇಳಿಯಿತು. ಥಂಡಿ ಕೈ. ಸತ್ತ ಕೈ. ಹರಿದ ಹಾಯಿ. ಸಿರಿಂಜನ್ನು ತಟ್ಟೆಯಲ್ಲಿಟ್ಟು ಕತ್ತರಿ ತೆಗೆದುಕೊಂಡ. ಗಂಗೆ ಅವನ ತೋಳು ಹಿಡಿದಳು. ಅವನು ಅವಳ ಮುಖ ನೋಡದೆ ಕರಿದಾರ ಕತ್ತರಿಸಿದ.

ಬಟ್ಟೆ ಸುರುಳಿ ಸುರುಳಿಯಾಗಿ ಬಿಚ್ಚಿತು. ಒಳಗಿನ ಕೈ ಮೇಣದ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟಿನ ಸುತ್ತ ನಾಲ್ಕು ನೀಲಿ ಗೆರೆ, ಒಂದರ ಪಕ್ಕ ಒಂದು. ಎದುರು ಬದಿಗೆ ಒಂದು ದಪ್ಪ ಗುರುತು. ರಕ್ತವಿಲ್ಲದ ಚರ್ಮದಲ್ಲಿ ಇಂಥ ಕಲೆ ಏಳುವುದುಂಟು, ವೆಂಕಟ ಪುಸ್ತಕದಲ್ಲಿ ಓದಿದ್ದ. ಪುಸ್ತಕದ ಚಿತ್ರದಲ್ಲಿ ಅವು ಹೀಗೆ ಲೆಕ್ಕ ಇಟ್ಟು ಎದ್ದಿರಲಿಲ್ಲ.

ನಾಡಿ ಸಿಗಲಿಲ್ಲ. ಪಟ್ಟಿ ಸುತ್ತಿ ಪಾದರಸ ಏರಿಸಿ ಇಳಿಸಿದ. ಬಲಗೈಯಲ್ಲಿ ನೂರತೊಂಬತ್ತಕ್ಕೇ ಕೇಳಿದ್ದ ಸದ್ದು ಇಲ್ಲಿ ತೊಂಬತ್ತರಲ್ಲಿ, ಅದೂ ದೂರದ ಬಾಗಿಲು ತಟ್ಟಿದ ಹಾಗೆ, ಕೇಳಿತು. ಎದೆಗೆ ಮತ್ತೆ ಸ್ಟೆತೊಸ್ಕೋಪ್ ಇಟ್ಟ. ಬಡಿತಗಳ ನಡುವೆ ಯಾರೋ ಉಫ್ ಎಂದು ಊದುತ್ತಿದ್ದರು. ರಕ್ತ ಹೃದಯಕ್ಕೆ ಹಿಂದಕ್ಕೆ ಸೋರುವ ಸದ್ದು. ಹೃದಯಾಘಾತ ಅಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿದೆ. ಎಡಗೈಯ ಕವಲಿಗೆ ರಕ್ತ ಹೋಗುತ್ತಿಲ್ಲ. ಹೆಪಾರಿನ್ ಕೊಟ್ಟಿದ್ದರೆ ತಾನೇ ಕೊಂದಂತಾಗುತ್ತಿತ್ತು.

ಸಿರಿಂಜನ್ನು ಬೇಸಿನ್ನಿಗೆ ಖಾಲಿ ಮಾಡಿಸಿದ. ನೋವಿಗೆ ಮಾರ್ಫಿನ್ ಕೊಟ್ಟ. ನಾಡಿಯ ಓಟವನ್ನೂ ಒತ್ತಡವನ್ನೂ ತಗ್ಗಿಸಲು ಪ್ರೊಪ್ರನೊಲಾಲ್ ಅನ್ನು ಗಡಿಯಾರ ನೋಡುತ್ತ ಇಷ್ಟಿಷ್ಟೇ ಬಿಟ್ಟ. ರಕ್ತ ಕೊಡಬಲ್ಲವರು ಜೊತೆಗೆ ಹೊರಡಿ ಎಂದ. ಮಣಿಪಾಲಕ್ಕೆ ಫೋನು ಸಿಗಲಿಲ್ಲ, ಚೀಟಿ ಬರೆದ. ಜೀಪು ಬಾಗಿಲಿಗೆ ಬಂತು. ಬಟ್ಟೆ ಬಿಚ್ಚಲು ತಡ ಮಾಡಿದ್ದು ನಲವತ್ತು ನಿಮಿಷ. ಗಡಿಯಾರ ನೋಡಿದಾಗಲೆಲ್ಲ ಅದೇ ಲೆಕ್ಕ ಕಣ್ಣಿಗೆ ಬೀಳುತ್ತಿತ್ತು.

ಸ್ಟ್ರೆಚರನ್ನು ಜೀಪಿಗೆ ಏರಿಸುವಾಗ ಹಮ್ಮನ ಎಡಗೈ ಅಂಚಿನಿಂದ ಕೆಳಗೆ ಜಾರಿತು. ಯಾರೋ ಎಳೆದಂತೆ ನೆಟ್ಟಗೆ ಇಳಿಬಿತ್ತು.

“ಬಂದೆ ಮಾರಾಯ,” ಎಂದ ಹಮ್ಮ. ಕತ್ತಿನ ನರಗಳು ಹಗ್ಗದಂತೆ ಉಬ್ಬಿದವು. ಬಲಗೈಯ ನಾಡಿಯೂ ನಿಂತಿತು.

ಸೀಳು ಹೃದಯವನ್ನು ಸುತ್ತಿದ ಚೀಲದೊಳಕ್ಕೇ ಒಡೆದಿತ್ತು. ವೆಂಕಟ ಅಲ್ಲೇ ಅಂಗಳದ ಬಿಸಿಲಲ್ಲಿ ಎದೆ ಒತ್ತಿದ, ನತಾಲಿನಾ ಬಾಯಿಗೆ ಹಚ್ಚಿದ ರಬ್ಬರ್ ಬುಡ್ಡೆ ಹಿಂಡಿ ಉಸಿರು ಕೊಟ್ಟಳು. ದಪ್ಪ ಸೂಜಿಯಿಂದ ಹೃದಯದ ಚೀಲದ ರಕ್ತ ಎಳೆಯಲೂ ನೋಡಿದ. ಇಪ್ಪತ್ತೈದು ನಿಮಿಷ. ಸುತ್ತ ನಿಂತವರ ನೆರಳು ಮಾತ್ರ ಅಲುಗುತ್ತಿತ್ತು. ಕಡೆಗೆ ನತಾಲಿನಾ ಅವನ ಭುಜ ಮುಟ್ಟಿ, ಸಾಕು ಡಾಕ್ಟರೇ, ಎಂದಳು.

ಅವನು ಎದ್ದು ನಿಂತ. ಮೊಣಕಾಲಿಗೆ ಜಲ್ಲಿ ಅಂಟಿತ್ತು. ಗಂಗೆ ಈಗ ಬೈಯುತ್ತಾಳೆ, ಬೈಯಲಿ, ಎಂದು ಕಾದ. ಅವಳು ಬೈಯಲಿಲ್ಲ. ಅಣ್ಣನ ಮಣಿಕಟ್ಟನ್ನು ಮಡಿಲಲ್ಲಿಟ್ಟುಕೊಂಡು, ಆ ನಾಲ್ಕು ಗೆರೆಗಳ ಮೇಲೆ ತನ್ನ ಬೆರಳು ಒಂದೊಂದಾಗಿ ಇಟ್ಟು ನೋಡುತ್ತಿದ್ದಳು. ಅವಳ ಬೆರಳು ಸಣ್ಣವು, ಹೊಂದಲಿಲ್ಲ.

“ಡಾಕ್ಟ್ರೆ,” ಎಂದಳು. ಬಂದಾಗಿನಿಂದ ಮೊದಲ ಸಲ ಆ ಹೆಸರಿನಿಂದ ಕರೆದಿದ್ದಳು. “ಮೊದ್ಲೇ ಬಿಚ್ಚೂಕೆ ಬಿಟ್ಟಿದ್ರೆ ಅಣ್ಣ ಉಳೀತಿದ್ನಾ?”

ಹದಿನೈದು ಜನ ಅವನ ಬಾಯಿಯನ್ನೇ ನೋಡಿದರು. ಉಳಿಯುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಬಹುಶಃ ನಿಜವೂ ಅದೇ. ಉಳಿಯುತ್ತಿದ್ದ ಎಂದರೆ ಬಾಗಿಲಲ್ಲಿ ಆಡಿದ ಮಾತಿಗೆ ಬಡ್ಡಿ ಸಮೇತ ತೀರುತ್ತಿತ್ತು. ನಲವತ್ತು ನಿಮಿಷದಲ್ಲಿ ಅವನ ಪಾಲೆಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ವೆಂಕಟ ಸ್ಟೆತೊಸ್ಕೋಪನ್ನು ಕತ್ತಿನಿಂದ ತೆಗೆದು ಮುಷ್ಟಿಯಲ್ಲಿ ಸುತ್ತಿಕೊಂಡ. ಜನ ಸರಿದು ದಾರಿ ಬಿಟ್ಟರು. ಅವನು ಆಸ್ಪತ್ರೆಯ ಒಳಗೆ ನಡೆದು ಹೋದ.