ಬರ್ತೀನಂತ ಹೇಳಿ ಹೋಗ್ರಿ

ಬಸು ಹೋದ ಮುಂಜಾನಿ ಆ ಮನ್ಯಾಗ ಯಾರೂ ಏನೂ ತಪ್ಪು ಮಾಡಿಲ್ಲ. ಮೊದಲ ಇದನ್ನ ಹೇಳಿಬಿಡ್ತೀನಿ, ಯಾಕಂದ್ರ ನಮ್ಮ ಓಣಿಯವ್ರ ಬಾಯಿ ಗಟಾರಕ್ಕಿಂತ ಹೊಲಸು. ಸೀನಿದ ಮ್ಯಾಲೆ ಹೋದ, ಅದಕ್ಕ ಹಂಗಾತು ಅಂತಾರ. ಸುಳ್ಳು! ನಾ ಅಲ್ಲೇ ಇದ್ದೆ, ನನ್ನ ಕಣ್ಣಾರೆ ನೋಡೀನಿ.

ಬಾಲಾನಗರದ ಹಿಂದ, ನಾಲಾದ ದಂಡಿಗೆ, ತಗಡಿನ ಖೋಲಿ ಸಾಲು ನಮ್ದು. ಯಾದಗಿರಿ ಕಡಿಯಿಂದ ಈ ತೆಲುಗು ಶಹರಕ್ಕ ದುಡಿಯಾಕ ಬಂದ ಮಂದಿನ ಜಾಸ್ತಿ. ನಮ್ಮ ಖೋಲಿ, ಅದರ ಬಾಜೂಕ ಬಸುಂದು. ಒಂದ ಊರಿನವ್ರು. ಅವನ ಹೆಂಡ್ತಿ ಶಿವಗಂಗಾ ನನಗ ದೊಡ್ಡವ್ವ ಅಂತಾಳ, ಹೆಸರಿಗೆ ಹಂಪಮ್ಮ ನಾನು. ಅವರ ಕೂಸು ರೇಣುಕಾ ಆವಾಗಿನ್ನೂ ಗ್ವಾಡಿ ಹಿಡದು ನಡೀತಿತ್ತು. ಬಸುಂದು ಸೆಂಟ್ರಿಂಗ್ ಕೆಲಸ, ಸ್ಲ್ಯಾಬಿಗೆ ಹಲಗಿ ಕಟ್ಟೂದು. ಮಾದಾಪುರದ ಕಡೆ ಕಂಪ್ಯೂಟರಿನವ್ರಿಗೆ ಗಾಜಿನ ಬಿಲ್ಡಿಂಗ್ ಏಳಾಕತ್ತಿದ್ವಲ್ಲ, ಅಲ್ಲಿಗೆ. ಮೂಲ್ಯಾಗ ಖಾಜಾನ ಟೆಂಪೋ ನಿಲ್ಲತಿತ್ತು, ಅದರಾಗ ನಿಂತ್ಕೊಂಡ ಹೋಗವ್ರು.

ಶ್ರಾವಣ. ರಾತ್ರಿಯೆಲ್ಲಾ ಮಳಿ ಬಾರಿಸಿತ್ತು. ಬಸು ಚಪ್ಪಲಿ ಮೆಟ್ಟಿ ಒಂದು ಕಾಲು ಹೊಸ್ತಿಲ ಹೊರಗ ಇಟ್ಟಿದ್ದ, ನನ್ನ ಬಗಲಾಗಿದ್ದ ಕೂಸು ಆಕ್ಷೀ ಅಂತು. ಒಂದ.

"ನೂರ್ ವರ್ಷ ಬಾಳವ್ವ ನನ್ನ ತಾಯಿ" ಅಂತ ನಾ ಕೂಸಿನ ನೆತ್ತಿ ಸವರಿದೆ. ಅದು ಕೂಸಿಗೆ ಆತು. ಸೀನಿದ ಜೀವಕ್ಕ ಆಯಸ್ಸು ಹೇಳಬೇಕು, ಯಾಕಂದ್ರ ಸೀನುವಾಗ ಜೀವ ಮೂಗಿನ ತುದಿಗೆ ಬಂದಿರ್ತೈತಂತ. ಆದ್ರ ಹೊಂಟವಗ? ಒಂಟಿ ಸೀನು ಅಂದ್ರ ದಾರಿಗೆ ಅಡ್ಡ ಕೈ ಹಿಡಿದಂಗ. ಬೆನ್ನಿಗೇ ಇನ್ನೊಂದು ಸೀನಿತಂದ್ರ ಜೋಡಿ ಸೀನು, ಕೈ ತಗೀತು, ಹೋಗಬಹುದು. ಮೂರೂ ಮಂದಿ ಕೂಸಿನ ಮೂಗು ನೋಡಿಕೋತ ನಿಂತ್ವಿ. ಅದು ನಮ್ಮ ಮಾರಿ ನೋಡಿ ಕಿಲಕಿಲ ನಕ್ಕಿತು, ಸೀನಲಿಲ್ಲ.

"ಟೆಂಪೋ ಹೋಗಿಬಿಡ್ತೈತಿ" ಅಂದ ಬಸು.

"ಹೋದ್ರ ಹೋಗ್ಲಿ, ಒಳಗ ಬರ್ರಿ" ಅಂದ್ಲು ಶಿವಗಂಗಾ.

ಅಂವ ಬಂದ. ಸುಮ್ನ ಒಳಗ ಬಂದು ನಿಂತ್ರ ನಡೆಯಂಗಿಲ್ಲ, ಹೊಂಟದ್ದ ಮುರೀಬೇಕು. ಚಪ್ಪಲಿ ಬಿಟ್ಟ. ಬುತ್ತಿ ಇಳಿಸಿ ಕೂತ. ಅಕಿ ಕೊಟ್ಟ ನೀರು ಕುಡದ, ಮೌನೇಶ್ವರನ ಫೋಟೋಕ್ಕ ಕೈ ಮುಗದ. ಆಮ್ಯಾಲೆ ಈಗ ಮೊದಲನೇ ಸಲ ಹೊಂಟವ್ರಂಗ ಎದ್ದು, ಬಲಗಾಲು ಮುಂದ ಇಟ್ಟು, "ಬರ್ತೀನಿ" ಅಂದ. ಅಕಿ "ಹೋಗಿ ಬರ್ರಿ" ಅಂದ್ಲು. ನಮ್ಮ ಮನಿಗೋಳಾಗ ಜಗಳಾಡಿ ಹೊಂಟವನೂ "ಹೋಗ್ತೀನಿ" ಅನ್ನಂಗಿಲ್ಲ. ಹೋಗೂದು ಒಂದ ಸಲ, ಅದು ಹೇಳಿ ಹೋಗೂದಲ್ಲ.

ನಾಕು ಹೆಜ್ಜಿ ಹೋದ ಮ್ಯಾಲೆ ಟಾವೆಲ್ ಇಲ್ಲೇ ಮರತಾನ ಅಂತ ಅಕಿ ನೋಡಿದ್ಲು. ಹಿಂದಿನಿಂದ ಕೂಗಿದ್ಲೇನು? ಇಲ್ಲ. ಓಡಿ ಹೋಗಿ, ಅವನ್ನ ದಾಟಿ, ಎದುರಿಗೆ ನಿಂತು ಕೊಟ್ಟು ಬಂದ್ಲು. ಮೂಲಿಮನಿ ಗದಿಗೆಮ್ಮ ಸುದ್ದಾ, ನಾಲಿಗೆಗೆ ಎಲುಬಿಲ್ಲದ ಮುದುಕಿ, "ಎಲ್ಲಿಗೆ" ಅನ್ನಲಿಲ್ಲ, "ದೂರ ಹೊಂಟಿಯೇನಪ" ಅಂದ್ಲು. ಇನ್ನೇನು ಮಾಡಬೇಕಿತ್ತು ಹೇಳ್ರಿ? ಎಲ್ಲಾ ಮಾಡಿದ್ವಿ.

ಟೆಂಪೋ ಹೋಗಿತ್ತು. ಮುಂದಿನ ರಸ್ತೆದಾಗ ಆಟೋ ಹಿಡದರಾತು ಅಂತ ಬಸು ನಾಲಾದ ಮ್ಯಾಲಿನ ಸಣ್ಣ ಪೂಲಿನ ಕಡೆ ನಡದ. ಪೂಲಿನ ಮ್ಯಾಲೆ ನೀರು ಹರಿಯಾಕತ್ತಿತ್ತು. ಚಹಾದ ಅಂಗಡಿಯವ ಅಂವ ಪೂಲು ಹತ್ತಿದ್ದು ನೋಡ್ಯಾನ. ಆಚಿ ದಂಡಿಗೆ ಇಳದದ್ದು ಯಾರೂ ನೋಡಿಲ್ಲ.

ಅಂವ ಕೆಲಸಕ್ಕ ಮುಟ್ಟೇ ಇಲ್ಲ ಅಂತ ಸಂಜಿಗೆ ಸುದ್ದಿ ಬಂತು. ಹೆಣ ಬರಲಿಲ್ಲ. ಆ ಮಳಿಗೆ ಊರಾಗ ಎಷ್ಟೋ ಮನಿ ಮುಳುಗಿದ್ವು, ಒಬ್ಬ ಸೆಂಟ್ರಿಂಗ್ ಬಸುನ್ನ ಹುಡುಕಾಕ ಯಾರಿಗೆ ಪುರುಸೊತ್ತು? ಅವನ ಸೋದರಮಾವ ಅಮರೇಶಪ್ಪ ಒಬ್ಬನ ದಿನಾ ನಾಲಾದ ಗುಂಟ ಕೆಳಗ ಕೆಳಗ ನಡಕೋತ ಹುಡುಕ್ತಿದ್ದ. ಯಾವುದಾರ ದವಾಖಾನಿಗೆ ಹೆಣ ಬಂದೈತಿ ಅಂದ್ರ ಅಲ್ಲಿಗೆ ಹೋಗಿ ಬಟ್ಟಿ ಸರಿಸಿ ನೋಡಿ ಬರ್ತಿದ್ದ.

ಶಿವಗಂಗಾ ಅಳಲಿಲ್ಲ. ಒಮ್ಮೆ ಮಾತ್ರ, "ನಾ ಕುಂದ್ರಸಲಿಲ್ಲಂದ್ರ ಟೆಂಪೋ ಸಿಗತಿತ್ತು, ದೊಡ್ಡವ್ವ" ಅಂದ್ಲು. ನಾ ಬೈದೆ. "ಸೀನು ದಾಟಿ ಹೋಗಿದ್ರ ಅದಕ್ಕ ಅಳತಿದ್ದಿ. ಸುಮ್ನಿರು." ಅಕಿ ತಿರುಗಿ ಅಂದ್ಲು, "ಬರ್ತೀನಂದಾರ. ನಾ ಹೋಗಿ ಬರ್ರಿ ಅಂದೀನಿ. ಬರ್ತಾರ." ಅದೊಂದ ಹಗ್ಗ ಹಿಡಕೊಂಡು ಕೂತ್ಲು.

ಈಗ ಬಂತು ನೋಡ್ರಿ ಪಂಚಾಯಿತಿ. ಮಾತಾಡ್ಸಾಕ ಮಂದಿ ಬರಾಕತ್ತಿದ್ರು. ಹ್ಯಾಂಗ ಬರಬೇಕು, ಹ್ಯಾಂಗ ಎದ್ದು ಹೋಗಬೇಕು? ಸತ್ತ ಮನಿಗೆ ಬಂದ್ರ ಬಾಗಲಾಗ "ಬರ್ರಿ" ಅನ್ನೂದಿಲ್ಲ, ನೀರು ಚಹಾ ಮುಟ್ಟೂದಿಲ್ಲ, ಹೆಣ್ಣಮಕ್ಕಳಿಗೆ ಕುಂಕುಮ ಕೊಡೂದಿಲ್ಲ, ಹೋಗುವಾಗ "ಬರ್ತೀನಿ" ಅನ್ನೂದಿಲ್ಲ, ಅಂದ್ರ ಇನ್ನೊಂದು ಸಾವಿಗೆ ಬರ್ತೀನಿ ಅಂದಂಗ. ಮಾತಿಲ್ದ ಎದ್ದು ನಡಿಯೂದು. ಇದು ಸತ್ತ ಮನಿಯೋ ಇದ್ದ ಮನಿಯೋ? ಶಿವಗಂಗಾನ ಕೊಳ್ಳಾಗ ತಾಳಿ ಐತಿ, ಕೈಯಾಗ ಬಳಿ ಅದಾವು. ಬಂದವ್ರೆಲ್ಲಾ ಹೊಸ್ತಿಲದಾಗ ನಿಂತು ನನ್ನ ಮಾರಿ ನೋಡ್ತಿದ್ರು.

ನಾ ಬಾಗಲದಾಗ ಕೂತು ಕಾಯ್ದೆ ಮಾಡಿದೆ. ಬರ್ರಿ ಅಂತೀವಿ, ಬರ್ರಿ. ಚಹಾ ಮಾಡ್ತಾಳ, ಕುಡೀರಿ. ಕುಂಕುಮ ಕೊಡ್ತಾಳ, ಹಚ್ಚಿಕೊಳ್ರಿ. ಹೋಗುವಾಗ ಬಾಯಿ ತಗದು ಹೇಳಿ ಹೋಗ್ರಿ. ಅಕಿ ಪ್ರತಿಯೊಬ್ಬರ ಬಾಯಿ ನೋಡ್ತಿದ್ಲು. "ಬರ್ತೀನವ್ವ" ಅಂದ ಕೂಡಲೆ "ಹೋಗಿ ಬರ್ರಿ" ಅನ್ನಾಕಿ, ಎದಿ ಒಂಚೂರು ಕೆಳಗ ಇಳೀತಿತ್ತು. ಎದುರಿಗಿನ ತೆಲುಗಿನಾಕಿ ವನಜಾ "ವಸ್ತಾನಮ್ಮಾ" ಅಂದ್ಲು, ಅವರಾಗೂ ಹೋಗುವಾಗ ಬರ್ತೀನಂತನ ಹೇಳೂದು. ಟೆಂಪೋ ಖಾಜಾ ಬಂದು, ತಾ ಅವತ್ತು ಗಾಡಿ ಚೂರು ನಿಲ್ಲಸಲಿಲ್ಲ ಅಂತ ಹಣಿ ಬಡಕೊಂಡ, ಹೋಗುವಾಗ "ಜಾಕೆ ಆತೂಂ ಬೆಹೆನ್" ಅಂದ, ಹೋಗಿ ಬರ್ತೀನಿ ತಂಗಿ ಅಂದಂಗ. ಯಾವ ಭಾಷೆ ಆದ್ರೇನು, ಅಕಿಗೆ ಅದೊಂದ ಮಾತು ಬೇಕಿತ್ತು. ದಿನಕ್ಕ ಒಂದಿಷ್ಟು ಸಿಕ್ಕರ ಅಕಿ ಒಂದು ತುತ್ತು ಉಣತಿದ್ಲು.

ಗದಿಗೆಮ್ಮ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಸುಮ್ನ ಎದ್ದು ಹೊಂಟ್ಲು. ಶಿವಗಂಗಾನ ಮಾರಿ ಬೂದಿ ಆತು. ನಂಗ ಎಲ್ಲಿತ್ತೋ ಸಿಟ್ಟು! ಓಡಿ ಹೋಗಿ ಮುದುಕಿ ರಟ್ಟಿ ಹಿಡದೆ. "ಯಾಕಬೇ, ಊರ ಮಂದಿ ಮ್ಯಾಲೆ ಮಾತಾಡುವಾಗ ಇರೂ ನಾಲಿಗಿ ಈಗ ಎಲ್ಲಿ ಇಟ್ಟು ಬಂದಿ?"

"ಹಂಪಿ, ಇಷ್ಟ ದಿನ ಆದ್ವು. ಇನ್ನೂ ಬರ್ತೀನಂತ ಹ್ಯಾಂಗ ಅನ್ನಲಿ? ಪದ್ಧತಿ ಅಂತ ಒಂದು ಐತಿಲ್ಲ?"

"ಪದ್ಧತಿ ನಂಗ ಕಲಸಬ್ಯಾಡ. ಹೆಣ ನೋಡಿಯೇನು? ನೋಡಿಲ್ಲಂದ್ರ ನಡಿ ಒಳಗ."

ಎಳಕೊಂಡು ಬಂದು ಕುಂದ್ರಸಿದೆ. ಕುಂಕುಮ ತಗೊಂಡ್ಲು, "ಬರ್ತೀನವಾ" ಅಂದ್ಲು. ಶಿವಗಂಗಾ "ಹೋಗಿ ಬಾ ಆಯಿ" ಅಂದು ಉಸುರು ಬಿಟ್ಲು.

ಎಲ್ಲಾರಕಿಂತ ಅಕಿಗೆ ಬೇಕಾದದ್ದು ಅಮರೇಶಪ್ಪನ ಮಾತು. ನಾವೆಲ್ಲಾ ಅಕಿ ಮ್ಯಾಲಿನ ಕರುಣೆಗೆ ಬರ್ತೀನಿ ಅನ್ನವ್ರು. ಅಂವ ಹುಡುಕಿ, ಕಣ್ಣಾರೆ ನೋಡಿ ಬಂದು ಅನ್ನಾಂವ. ದಿನಾ ಸಂಜಿಗೆ ಕಾಲಿನ ರಾಡಿ ತೊಳಕೊಂಡು ಒಳಗ ಬಂದು, ಚಹಾ ಕುಡದು, "ಇವತ್ತೂ ಇಲ್ಲವ್ವ, ಎಲ್ಲೋ ಅದಾನ" ಅಂತಿದ್ದ. ಎದ್ದು, "ಬರ್ತೀನವ್ವ ತಂಗಿ" ಅಂತಿದ್ದ. ಸುಳ್ಳು ಹೇಳೂ ಮನಶಾ ಅಲ್ಲ ಅಂವ. ಅದಕ್ಕ ಆ ಮಾತಿನ ಮ್ಯಾಲೆ ಅಕಿ ರಾತ್ರಿ ಕಣ್ಣು ಮುಚ್ಚತಿದ್ಲು.

ಆವತ್ತು ಮಳಿ ಬಿಟ್ಟು ಬಿಸಲು ಬಿದ್ದಿತ್ತು. ಅಮರೇಶಪ್ಪ ಇನ್ನೂ ಹೊತ್ತು ಇರುವಾಗಲೇ ಬಂದ. ಹೊಸ್ತಿಲ ಹೊರಗ ನಿಂತ. ಚಪ್ಪಲಿ ಬಿಡಲಿಲ್ಲ.

"ಬರ್ರಿ ಮಾವ" ಅಂದ್ಲು. ಬರಲಿಲ್ಲ. ಚರಿಗಿ ನೀರು ತಂದು ಮುಂದ ಹಿಡದ್ಲು. ಕೈ ಚಾಚಲಿಲ್ಲ. ಗ್ವಾಡಿ ಹಿಡಕೊಂಡು ಬಂದ ಕೂಸನ್ನ ನೋಡಿದ, ಮಾರಿ ಆಚಿ ಹೊಳ್ಳಿಸಿದ.

"ಏನಾತ್ರಿ ಮಾವ?"

ಅಂವ ಹೆಂಗ ಹೇಳಬೇಕು, ಪಾಪ, ತನ್ನ ಅಕ್ಕನ ಮಗ. ತಿರುಗಿ ನಡಿಯಾಕತ್ತಿದ.

ನಾ ಕಾದೆ. ಈಗ ಅಂತಾನ, ಇನ್ನೊಂದು ಹೆಜ್ಜಿಗೆ ಅಂತಾನ ಅಂತ. ಅಂವ ವನಜಾನ ಬಾಗಲು ದಾಟಿದ. ಗದಿಗೆಮ್ಮನ ರಟ್ಟಿ ಹಿಡದು ಎಳದಾಕಿ ನಾನು, ಅವತ್ತು ಕೂತಲ್ಲಿಂದ ಏಳಾಕ ಆಗಲಿಲ್ಲ. ಅಂವ ಬಸುನ್ನ ನೋಡಿ ಬಂದಾನ ಅಂತ ನಂಗ ತಿಳೀತು. ಅಕಿಗೆ ನನಗಿಂತ ಮೊದಲ ತಿಳದಿತ್ತು.

"ಮಾವ!" ಅಂತ ಹಿಂದಿನಿಂದ ಕೂಗಿದ್ಲು. ಹೋಗವ್ರನ್ನ ಹಿಂದಿನಿಂದ ಕರೀಬಾರದು ಅಂತ ಕೂಸಿದ್ದಾಗಿಂದ ಕಲತಾಕಿ, ಓಣಿಗೆಲ್ಲಾ ಕೇಳಂಗ ಕೂಗಿದ್ಲು. "ಮಾವ, ಬರ್ತೀನಂತ ಹೇಳಿ ಹೋಗ್ರಿ! ದಿನಾ ಹೇಳ್ತಿದ್ರಿ, ಇವತ್ತೊಂದ ದಿನ ಹೇಳ್ರಿ!"

ಅಮರೇಶಪ್ಪ ನಿಂತ. ತಿರುಗಲಿಲ್ಲ, ಸತ್ತ ಮನಿಯಿಂದ ಹೊಂಟವ್ರು ತಿರುಗಿ ನೋಡೂದಿಲ್ಲ. ಹಂಗ ನಡದ.

ಶಿವಗಂಗಾ ಒಳಗ ಬಂದ್ಲು. ಸ್ಟವ್ ಮ್ಯಾಲೆ ಚಹಾದ ನೀರು ಕುದಿಯಾಕತ್ತಿತ್ತು, ಅದನ್ನ ಆರಿಸಿದ್ಲು. ಕೂಸನ್ನ ಎತ್ತಿ ತೊಡಿ ಮ್ಯಾಲೆ ಕುಂದ್ರಸಿಕೊಂಡ್ಲು. ಅಕಿ ಅತ್ತರ ನಾನೂ ಅಳತಿದ್ದೆ. ಅಕಿ ಅಳಲಿಲ್ಲ. ಇನ್ನ ಓಣಿ ಮಂದಿಗೆ ಹೇಳಬೇಕು, ಊರಿಗೆ ಫೋನ್ ಮಾಡಸಬೇಕು, ಬಸುನ್ನ ಮನಿಗೆ ಕರಕೊಂಡು ಬರಬೇಕು. ನಾನ ಏಳಬೇಕಾತು.

ಹೊಸ್ತಿಲದಾಗ ನಿಂತೆ. ಜೀವಮಾನದಾಗ ಯಾವ ಹೊಸ್ತಿಲ ದಾಟುವಾಗೂ ಬಿಡದ ಮಾತು ತಾನ ಬಾಯಿಗೆ ಬಂತು. ಅಕಿ ಸಲುವಾಗಿ ಸುಳ್ಳ ಆದ್ರೂ ಅನ್ನೂಣು ಅಂತ, "ಬರ್ತೀನಿ ತಂ..." ಅನ್ನೂದರಾಗ ಅಕಿ ಕೈ ಎತ್ತಿದ್ಲು.

"ಅನಬ್ಯಾಡ ದೊಡ್ಡವ್ವ. ಇಂಥಾದ್ದಕ್ಕ ಈ ಮನಿಗೆ ಮತ್ತ ಯಾರೂ ಬರೂದು ಬ್ಯಾಡ. ಈ ಕೂಸೊಂದು ಉಳದೈತಿ. ಸುಮ್ನ ಹೋಗು."

ನಾ ಸುಮ್ನ ಹೋದೆ.