ಬಾಗಿಲ ಮೇಲಿನ ನಂಬರು

ಬೆಳಿಗ್ಗೆಯಿಂದ ಬೀಗ-ಕೀಲಿಯ ಅಂಗಡಿಗೆ ಒಂದು ಫೋನೂ ಬಂದಿರಲಿಲ್ಲ. ಬೀಗದಕ್ಕ ಎರಡು ಸಲ ಮೊಬೈಲು ಎತ್ತಿ ನೋಡಿ ಇಟ್ಟಳು. ಗಂಡ ಮಾತ್ರ ಮೆಷಿನ್ನಿಗೆ ಕೀಲಿ ಸಿಕ್ಕಿಸಿಕೊಂಡು ಕಿರ್ರೆಂದು ಉಜ್ಜುತ್ತಾ, "ಜನಕ್ಕೆ ಬುದ್ಧಿ ಬಂದಿರಬೇಕು ಕಣೇ. ಕೀಲಿ ಕೈಲಿ ಹಿಡ್ಕೊಂಡೇ ಬಾಗಿಲು ಎಳ್ಕೊಳ್ತಿದಾರೆ. ನಮ್ಮ ಗತಿ ಮುಗೀತು" ಎಂದು ನಕ್ಕ.

ಮೂರು ಗಂಟೆಗೆ ಹೆಡ್‌ಮಿಸ್ ಬಂದರು. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಊರಿಗೆಲ್ಲ ಅವರು ಹೆಡ್‌ಮಿಸ್ಸೇ. ಬೆವರು ಒರೆಸಿಕೊಳ್ಳದೆ ಕೌಂಟರಿನ ಮೇಲೆ ಒಂದು ಕಬ್ಬಿಣದ ಮುದ್ದೆಯನ್ನಿಟ್ಟರು. ನೋಡಿದರೆ, ಹಿಂದಿನ ವರ್ಷ ಅವರ ಮನೆಗೆ ಇವರೇ ಹಾಕಿಕೊಟ್ಟಿದ್ದ ಬೀಗ. ಎದೆಗೆ ಡ್ರಿಲ್ಲು ಇಳಿಸಿ ಯಾರೋ ಕೊಂದುಹಾಕಿದ್ದರು.

"ಕೀಲಿ ಒಳಗೇ ಉಳೀತು, ಆರು ಸಲ ಫೋನ್ ಮಾಡಿದೆ. ಆರು ಸಲಾನೂ ಆ ಹೆಂಗಸು 'ಈ ಸಂಖ್ಯೆ ಸೇವೆಯಲ್ಲಿಲ್ಲ' ಅಂತಾಳೆ. ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಕೊನೆಗೆ ಎಲ್ಲಿಂದಲೋ ಒಬ್ಬ ಬಂದ, ಈ ಗತಿ ಮಾಡಿಹೋದ. ಅಂಗಡಿ ಮುಚ್ಚಿದೀರೋ, ಬದುಕಿದೀರೋ?"

ಬೀಗದಕ್ಕ ತನ್ನ ಮೊಬೈಲಿನಿಂದಲೇ ಅಂಗಡಿಯ ನಂಬರು ಒತ್ತಿದಳು. ಅದೇ ಹೆಂಗಸು, ಅದೇ ಮಾತು.

ಆ ನಂಬರು ಹದಿನೆಂಟು ವರ್ಷದ್ದು. ಊರಿನ ಸಾವಿರಾರು ಬಾಗಿಲ ಚೌಕಟ್ಟಿನ ಮೇಲೆ ಹಳದಿ ಸ್ಟಿಕ್ಕರಾಗಿ ಅಂಟಿಕೊಂಡಿದೆ. ಹೊರಗೆ ಸಿಕ್ಕಿಬಿದ್ದವರು ತಲೆಯೆತ್ತಿದರೆ ಕಾಣುವುದು ಅದೇ. ಹಳೇ ಲೈನು ತೆಗೆಸಿದ ಮೇಲೆ ಆ ನಂಬರನ್ನು ಒಂದು ಕಂಪನಿಗೆ ವಹಿಸಿದ್ದರು. ಅದಕ್ಕೆ ಬಂದ ಕರೆ, ಮೆಸೇಜು ಎಲ್ಲವನ್ನೂ ಅವರು ಗಂಡಹೆಂಡಿರ ಮೊಬೈಲಿಗೆ ದಾಟಿಸುತ್ತಿದ್ದರು. ವರ್ಷಕ್ಕೊಮ್ಮೆ ಬಾಡಿಗೆ, ಕಾರ್ಡಿನಿಂದ ತಾನೇ ಕಡಿತವಾಗುತ್ತಿತ್ತು.

ಅಂಗಡಿಯ ಇಮೇಲ್ ತೆರೆದಳು. ರಿಯಾಯಿತಿ ಜಾಹೀರಾತುಗಳ ರಾಶಿಯ ನಡುವೆ ಕಂಪನಿಯ ನಾಲ್ಕು ಕಾಗದ ಬಿದ್ದಿದ್ದವು. ಹಣ ಕಡಿತ ವಿಫಲ. ಮತ್ತೆ ವಿಫಲ. ನಿನ್ನೆ ರಾತ್ರಿಯಿಂದ ನಂಬರು ಸ್ಥಗಿತ. ಕೊನೆಯದು: ಇಂದು ಸಂಜೆ ಐದರೊಳಗೆ ಪಾವತಿಸದಿದ್ದರೆ ನಂಬರನ್ನು ಬೇರೆಯವರಿಗೆ ಕೊಡಲಾಗುವುದು.

"ನಾಲ್ಕು ತಿಂಗಳ ಹಿಂದೆ ಕಾರ್ಡು ಬದಲಾಯ್ತಲ್ಲ, ಅದರ ಕರ್ಮ ಇದು!" ಎಂದು ಕೂಗಿದಳು.

ಯಾರೋ ಕಾರ್ಡನ್ನು ದುರ್ಬಳಕೆ ಮಾಡಿದರೆಂದು ಬ್ಯಾಂಕು ಹಳೆಯದನ್ನು ನಿಲ್ಲಿಸಿ ಹೊಸದು ಕಳಿಸಿತ್ತು. ಹೊಸ ನಂಬರು, ಹೊಸ ಅವಧಿ. ಅವಳೇ ಕೂತು ಮೂರು ತಿಂಗಳ ಖಾತೆ ಮುಂದಿಟ್ಟುಕೊಂಡು ಕರೆಂಟು, ನೀರು, ಇಂಟರ್ನೆಟ್ಟು ಎಲ್ಲ ಕಡೆ ಹೊಸ ಕಾರ್ಡು ತುಂಬಿದ್ದಳು. ಸಿನಿಮಾದ ಆ್ಯಪು ಮಾತ್ರ ಅವಳು ಮುಟ್ಟುವ ಮೊದಲೇ ತಾನಾಗಿಯೇ ಹೊಸ ಕಾರ್ಡಿಗೆ ಬದಲಾಗಿತ್ತು. ಬಿಟ್ಟುಹೋದದ್ದು ಯಾವುದಾದರೂ ಇದ್ದರೆ ಅದೂ ಹಾಗೇ ಸರಿಹೋಗುತ್ತದೆಂದು ನಂಬಿದ್ದಳು. ವರ್ಷಕ್ಕೊಮ್ಮೆ ಬರುವುದು ಮೂರು ತಿಂಗಳ ಪಟ್ಟಿಯಲ್ಲಿ ಎಲ್ಲಿಂದ ಸಿಗಬೇಕು?

"ಕಂಪನಿಯ ಸೈಟಿನೊಳಗೆ ಹೋಗಿ ಹೊಸ ಕಾರ್ಡು ಹಾಕು, ಮುಗೀತು," ಎಂದ ಗಂಡ.

ಹೋದಳು. ಪಾಸ್‌ವರ್ಡ್ ಸರಿಯಿತ್ತು. ಆಮೇಲೆ ಪರದೆ ಹೇಳಿತು: ನಿಮ್ಮ ನೋಂದಾಯಿತ ನಂಬರಿಗೆ ಕೋಡ್ ಕಳಿಸಿದ್ದೇವೆ. ನೋಂದಾಯಿತ ನಂಬರು ಯಾವುದು? ಸತ್ತು ಬಿದ್ದಿದ್ದ ಅದೇ ನಂಬರು. ಎಲ್ಲದಕ್ಕೂ ಒಂದೇ ಇರಲಿ, ನೆನಪಿಡಲು ಸಲೀಸು ಎಂದು ತಾನೇ ಕೊಟ್ಟಿದ್ದಳು.

"ಅಂದರೆ ಕೀಲಿ ಒಳಗಿಟ್ಟು ಬಾಗಿಲು ಎಳ್ಕೊಂಡಿದೀರಿ," ಎಂದರು ಹೆಡ್‌ಮಿಸ್. ಬಂದಾಗಿನಿಂದ ಅವರ ಮುಖದಲ್ಲಿ ಮೊದಲ ಸಲ ಸ್ವಲ್ಪ ಸಮಾಧಾನ ಕಂಡಿತು. "ನನಗೆ ಹೋದ ವರ್ಷ ಇದೇ ವಿಷಯಕ್ಕೆ ಭಾಷಣ ಮಾಡಿದ್ದೆ ನೀನು."

ಬೀಗದಕ್ಕ ಹಲ್ಲು ಕಚ್ಚಿಕೊಂಡು ಕಂಪನಿಗೆ ಫೋನ್ ಮಾಡಿದಳು. ಇಪ್ಪತ್ತೈದು ನಿಮಿಷ ಪೀಪಿ ಸಂಗೀತ. ಕೊನೆಗೊಬ್ಬ ಬಲು ನಯವಾದ ದನಿಯವನು ಸಿಕ್ಕ.

"ಖಾತೆ ನಿಮ್ಮದೇ ಅಂತ ಖಚಿತ ಮಾಡ್ಕೋಬೇಕು ಮೇಡಂ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಮತ್ತೆ ಅವಧಿ ಹೇಳಿ."

ಗಂಡ ಹೊಸ ಕಾರ್ಡು ನೋಡಿ ಓದಿದ, ಅವಳು ಹೇಳಿದಳು.

"ಹೊಂದಾಣಿಕೆ ಆಗ್ತಿಲ್ಲ ಮೇಡಂ."

"ಹೇಗಪ್ಪಾ ಆಗತ್ತೆ? ಇದು ಹೊಸದು! ಹಳೇದು ನಡೀತಿಲ್ಲ ಅಂತಲೇ ನಾನು ಫೋನ್ ಮಾಡಿರೋದು!"

"ಸರಿ ಮೇಡಂ. ಆದರೆ ನಮ್ಮಲ್ಲಿ ಇರೋದು ಹಳೇದು. ಅದನ್ನೇ ಹೇಳಬೇಕು."

"ಸತ್ತ ಕಾರ್ಡಿನ ನಂಬರು ಹೇಳಿದ್ರೆ ಬದುಕಿರೋ ಕಾರ್ಡು ತಗೋತೀರಾ?"

"ಹೌದು ಮೇಡಂ," ಎಂದ ಅವನು, ಒಂಚೂರೂ ನಾಚಿಕೆಯಿಲ್ಲದೆ.

ಬ್ಯಾಂಕಿನ ಆ್ಯಪಿನಲ್ಲಿ ಹೊಸ ಕಾರ್ಡು ಮಾತ್ರ ಇತ್ತು. ಖಾತೆಯ ಪಟ್ಟಿಯಲ್ಲಿ ಖಾತೆಯ ನಂಬರಿತ್ತು, ಕಾರ್ಡಿನದಲ್ಲ. ಅಂಗಡಿ ಸಾಮಾನು ತಂದ ರಸೀದಿಗಳನ್ನು ಕೆದಕಿದಳು. ಬಿಸಿಗೆ ಅಕ್ಷರವೆಲ್ಲ ಅಳಿಸಿಹೋಗಿ ಬಿಳೀ ಚೀಟಿಗಳಾಗಿದ್ದವು.

"ಹಳೇ ಕಾರ್ಡು ಏನು ಮಾಡಿದ್ರಿ?" ಎಂದು ಗಂಡನತ್ತ ತಿರುಗಿದಳು.

"ಬ್ಯಾಂಕಿನೋರು ಕತ್ತರಿಸಿ ಅಂದ್ರು. ಕತ್ತರಿಸಿದೆ."

"ಎಷ್ಟು ಚೂರು?"

ಗಂಡ ತಲೆ ಕೆರೆದುಕೊಂಡ. "ಕೀಲಿ ಹಾಳುಮಾಡೋ ಹಾಗೆ. ಯಾರೂ ಜೋಡಿಸಬಾರದು ನೋಡು."

"ಅಯ್ಯೋ ನಿಮ್ಮ ಶ್ರದ್ಧೆಗಿಷ್ಟು! ಎಲ್ಲಿ ಎಸೆದ್ರಿ?"

ಅವನು ಮೆಷಿನ್ನಿನ ಕೆಳಗಿನ ಡಬ್ಬಿ ತೋರಿಸಿದ. ಹಿತ್ತಾಳೆ ಪುಡಿಯ ಡಬ್ಬಿ. ವರ್ಷಕ್ಕೊಮ್ಮೆ ಗುಜರಿಯವನಿಗೆ ಹೋಗುತ್ತಿತ್ತು, ಈ ವರ್ಷದ್ದು ಇನ್ನೂ ಹೋಗಿರಲಿಲ್ಲ. ಅವಳು ಡಬ್ಬಿಯನ್ನು ಹಾಳೆಯ ಮೇಲೆ ಮಗುಚಿದಳು. ಮೂವರೂ ನೆಲಕ್ಕೆ ಕೂತರು. ಹೆಡ್‌ಮಿಸ್ ಕನ್ನಡಕ ಏರಿಸಿ, ಕೂದಲ ಪಿನ್ನಿನಿಂದ ಪುಡಿ ಸರಿಸತೊಡಗಿದರು. ಫೋನು ಸ್ಪೀಕರಿನಲ್ಲೇ ಇತ್ತು.

"ಮೇಡಂ, ಲೈನಿನಲ್ಲಿ ಇದೀರಾ?"

"ಇರ್ತೀನಪ್ಪ, ಎಲ್ಲಿ ಹೋಗ್ಲಿ? ಲೈನ್ ಕಟ್ಟಾದ್ರೆ ಮತ್ತೆ ಆ ಪೀಪಿ ಕೇಳಬೇಕು!"

ನಾಲ್ಕೂ ಇಪ್ಪತ್ತಕ್ಕೆ ಮೂರು ಅಂಕಿ ಸಿಕ್ಕಿದವು. ನಾಲ್ಕೂವರೆಗೆ ಹೆಡ್‌ಮಿಸ್ ಒಂದು ಚೂರನ್ನು ಬೆಳಕಿಗೆ ಹಿಡಿದು, "ಇದು ಎಂಟೋ, ಮೂರೋ?" ಎಂದರು. ಎಂಟು. ಅವಧಿಯ ಚೂರನ್ನು ಗಂಡನೇ ತನ್ನ ಚಪ್ಪಲಿಯ ತಳದಿಂದ ಕಿತ್ತು ಕೊಟ್ಟ.

ಈ ಸಲ ಅಂಕಿಗಳು ಹೊಂದಿದವು. ನಯವಾದ ದನಿಯವನು ಇಮೇಲಿಗೆ ಲಿಂಕು ಕಳಿಸಿದ. ಬೀಗದಕ್ಕ ಹೊಸ ಕಾರ್ಡಿನ ನಂಬರು ತುಂಬಿ, ಪಾವತಿ ಒತ್ತಿದಳು. ವಿಫಲ.

"ಮತ್ತೇನು ಧಾಡಿ ಇದಕ್ಕೆ!"

ನೋಡಿದರೆ, ಕಂಪ್ಯೂಟರು ಹಳೇ ನೆನಪಿನ ಮೇಲೆ ಅವಧಿಯ ಜಾಗದಲ್ಲಿ ಹಳೆಯದನ್ನೇ ತಂದು ಕೂರಿಸಿತ್ತು. ಅವಳು ಅದನ್ನು ಅಳಿಸಿದಳು. ಗಂಡ ಕಾರ್ಡು ಕಣ್ಣ ಹತ್ತಿರ ಹಿಡಿದು ಒಂದೊಂದೇ ಅಂಕಿ ಒದರಿದ. ಹೆಡ್‌ಮಿಸ್ ಪರದೆ ನೋಡುತ್ತಾ "ಸರಿ, ಮುಂದೆ" ಎಂದು ತಿದ್ದಿದರು. ಬ್ಯಾಂಕಿನ ಕೋಡು ಪುಣ್ಯಕ್ಕೆ ಅವಳ ಸ್ವಂತ ಮೊಬೈಲಿಗೇ ಬಂತು. ಐದಕ್ಕೆ ಎಂಟು ನಿಮಿಷವಿರುವಾಗ ಪರದೆ ಹಸಿರಾಯಿತು.

"ಇನ್ನೇನಾದರೂ ಸಹಾಯ ಬೇಕಾ ಮೇಡಂ?"

"ಕೋಡ್ ಬರೋ ನಂಬರು ಬದಲಾಯಿಸು. ನನ್ನ ಸ್ವಂತದ್ದು ಬರ್ಕೋ."

ಬದಲಾಯಿಸಿ ಫೋನಿಟ್ಟ. ಅವಳು ಅಂಗಡಿಯ ನಂಬರಿಗೆ ಕರೆಮಾಡಿದಳು. ಗಂಡನ ಮೊಬೈಲು ಹಿತ್ತಾಳೆ ಪುಡಿಯ ನಡುವೆ ಗುಂಯ್‌ಗುಟ್ಟಿತು.

ಸಂಭ್ರಮ ಪಡಲು ಹೆಡ್‌ಮಿಸ್ ಬಿಡಲಿಲ್ಲ. "ನನ್ನ ಬಾಗಿಲಿಗೆ ಈಗ ಹಗ್ಗ ಕಟ್ಟಿ ಬಂದಿದೀನಿ. ಏಳಪ್ಪ."

"ಬಂದೆ, ಬಂದೆ. ಬೀಗ ನಮ್ಮ ಲೆಕ್ಕಕ್ಕೆ," ಎಂದು ಗಂಡ ಚೀಲ ಹೆಗಲಿಗೇರಿಸಿ ಅವರ ಹಿಂದೆ ಹೊರಟ.

ಬೀಗದಕ್ಕ ಈಗ ಖಾತೆಯ ಪಟ್ಟಿಯನ್ನು ಮೂರಲ್ಲ, ಹನ್ನೆರಡು ತಿಂಗಳಿಗೆ ತೆಗೆದಳು. ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಹನ್ನೊಂದನೇ ತಿಂಗಳು ದಾಟಿದಾಗ ಬೆರಳು ನಿಂತಿತು. ಅಂಗಡಿಯ ವಿಮೆ. ಕಂತಿನ ದಿನ ನಾಳೆ. ಅಲ್ಲಿರುವುದೂ ಹಳೇ ಕಾರ್ಡು.

ಕಾರ್ಡಿಗೆ ಕೈಚಾಚಿದಳು. ಮೇಜಿನ ಮೇಲೆ ಇರಲಿಲ್ಲ. ಅಂಕಿ ಒದರಿದವನು ಅದನ್ನು ಅಂಗಿ ಜೇಬಿಗೆ ಇಳಿಬಿಟ್ಟುಕೊಂಡು ಹೋಗಿದ್ದ.

ಬಾಗಿಲಿಗೆ ಓಡಿದಳು. ಅವರಿಬ್ಬರೂ ಬೀದಿಯ ತಿರುವಿನಲ್ಲಿದ್ದರು.

"ರೀ! ಕಾರ್ಡು!"

ಗಂಡ ತಿರುಗಿ ನೋಡಿದ, ನಗುನಗುತ್ತಾ ಕೈಬೀಸಿದ, ತಿರುವು ದಾಟಿಯೇಬಿಟ್ಟ.