ವಿವರಿಸಿದರು, ಆರೋಪಿಸಿದರು

ಶಾಸನಸಭೆಯ ಕಚೇರಿಯಲ್ಲಿ ಅಕ್ಕನ ಕೆಲಸ ಚರ್ಚೆಗಳ ಸಾರಾಂಶ ಬರೆಯುವುದು. ಸದನದಲ್ಲಿ ಗಂಟೆಗಟ್ಟಲೆ ಆಡಿದ ಮಾತನ್ನು ವರದಿಗಾರರು ಅಕ್ಷರ ಬಿಡದೆ ಟೈಪು ಮಾಡಿ ಕಳಿಸುತ್ತಿದ್ದರು. ಅದನ್ನು ಅವಳು ಒಂದೇ ಪುಟಕ್ಕೆ ತರಬೇಕು. ಬರೆದವಳು ಯಾವ ಕಡೆಯವಳು ಅನ್ನುವ ವಾಸನೆ ಕೂಡ ಓದುವವರಿಗೆ ಬಡಿಯಬಾರದು. ಪುಟದಲ್ಲಿ ಅವಳ ಹೆಸರಂತೂ ಇರುತ್ತಿರಲಿಲ್ಲ.

ಈ ಸಲದ ಚುನಾವಣೆಯಲ್ಲಿ ತಂಗಿ ಗೆದ್ದು ಅದೇ ಸದನಕ್ಕೆ ಬಂದಳು, ವಿರೋಧ ಪಕ್ಷದಿಂದ.

ಕಚೇರಿಯಲ್ಲಿ ಯಾರಿಗೂ ಅಕ್ಕ ಇದನ್ನು ಹೇಳಲಿಲ್ಲ. ಹೇಳಿದರೆ ನಾಳೆಯಿಂದ ತಾನು ‘ಶಾಸಕಿಯ ಅಕ್ಕ’ ಆಗಿಬಿಡುತ್ತೇನೆ ಅನ್ನುವುದು ಅವಳ ಸಂಕಟ. ಮನೆಯಲ್ಲಿ ಆಗಲೇ ಹಾಗಾಗಿತ್ತು. ಟೀವಿಯಲ್ಲಿ ತಂಗಿ ಬಂದರೆ ಅಪ್ಪ ಊಟದ ತಟ್ಟೆ ಬಿಟ್ಟು ಎದ್ದು ಟೀವಿ ಮುಂದೆ ಹೋಗಿ ನಿಲ್ಲುತ್ತಿದ್ದರು. ಅಕ್ಕ ಬರೆದ ಒಂದು ಪುಟವನ್ನೂ ಅವರು ಓದಿರಲಿಲ್ಲ.

ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ಶಾಲೆಗೆ ಸೇರಿಸುವ ಮಸೂದೆ ಚರ್ಚೆಗೆ ಬಂದ ದಿನ ತಂಗಿ ಮೊದಲ ಸಲ ಮಾತಾಡಿದಳು. ಸಂಜೆ ಅಪ್ಪ ಫೋನ್ ಮಾಡಿದರು.

“ಕೇಳಿದ್ಯೇನಮ್ಮಾ? ಮಂತ್ರಿ ಬಾಯಿ ಕಟ್ಟಿಹೋಯ್ತು.”

“ಕೆಲಸ ಇದೆ ಅಪ್ಪ,” ಅಂತ ಅಕ್ಕ ಫೋನ್ ಇಟ್ಟಳು. ಆ ಚರ್ಚೆಯೇ ಅವಳ ಮೇಜಿನ ಮೇಲಿತ್ತು.

ಮಂತ್ರಿಯ ಮಾತನ್ನು ಅವಳು ಅಚ್ಚುಕಟ್ಟಾಗಿ ಇಳಿಸಿದಳು. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳುವ ಕಡೆ ಕಲಿಕೆ ಹಿಂದೆ ಬೀಳುತ್ತದೆ, ದೊಡ್ಡ ಶಾಲೆಯಲ್ಲಿ ಪ್ರತಿ ವಿಷಯಕ್ಕೂ ಶಿಕ್ಷಕರಿರುತ್ತಾರೆ ಎಂದು ಅವರು ‘ವಿವರಿಸಿದರು’. ತಂಗಿಯ ಸರದಿ ಬಂದಾಗ ಪೆನ್ನು ತಡೆದು ನಿಂತಿತು. ತಾನು ಚಿಕ್ಕವಳಿದ್ದಾಗ ಹಳ್ಳ ದಾಟಿ ಶಾಲೆಗೆ ಹೋಗುತ್ತಿದ್ದೆ ಅಂತ ತಂಗಿ ಹೇಳಿದ್ದಳು. ಆ ಹಳ್ಳದಲ್ಲಿ ಅವಳ ಕೈ ಹಿಡಿದು ದಾಟಿಸಿದ್ದು ಯಾರು? ಭಾಷಣದಲ್ಲಿ ಆ ಮಾತಿರಲಿಲ್ಲ. ಅಕ್ಕ ಹಳ್ಳವನ್ನು ಉಳಿಸಿಕೊಂಡು, ತಂಗಿ ಸರ್ಕಾರಕ್ಕೆ ಕಾಳಜಿಯಿಲ್ಲವೆಂದು ‘ಆರೋಪಿಸಿದರು’ ಅಂತ ಬರೆದು ಮುಗಿಸಿದಳು.

ಕರಡು ಪರಿಶೀಲಕರ ಬಳಿ ಹೋಯಿತು. ಪುಟ ನೋಡುತ್ತಲೇ ಸಾರಿನ ರುಚಿ ನೋಡುವವರ ಹಾಗೆ ಬಾಯಿ ಚಪ್ಪರಿಸುವ ಅವರನ್ನು ಎಲ್ಲರೂ ‘ಉಪ್ಪು’ ಅನ್ನುತ್ತಿದ್ದರು, ಬೆನ್ನ ಹಿಂದೆ.

“ಮಂತ್ರಿ ವಿವರಿಸಿದ್ರು, ಈಯಮ್ಮ ಆರೋಪಿಸಿದ್ರಾ?” ಅಂದರು. “ಮೂಲದಲ್ಲಿ ಮಸೂದೆಯ ಒಂದು ಪದ ಹಿಡಿದು ಮಾತಾಡಿದ್ದಾರೆ. ದೂರದ ಮಕ್ಕಳಿಗೆ ಬಸ್ಸು ‘ಒದಗಿಸಬಹುದು’ ಅಂತಿದೆ, ‘ಒದಗಿಸತಕ್ಕದ್ದು’ ಅಂತಿಲ್ಲ. ಬಸ್ಸು ಕೊಡದಿದ್ರೂ ಕಾನೂನು ಮುರಿದಂಗಾಗಲ್ಲ ಅಂತ. ಅದೇ ಅವರ ಗಟ್ಟಿ ವಾದ. ಅದೆಲ್ಲಿ?”

“ಜಾಗ ಸಾಲಲಿಲ್ಲ ಸಾರ್.”

“ಹಳ್ಳಕ್ಕೆ ಸಾಲ್ತಲ್ಲ.”

ಅಕ್ಕ ಮುಖ ಕೆಂಪಗೆ ಮಾಡಿಕೊಂಡು ಮತ್ತೆ ಕೂತಳು. ಈ ಸಲ ಬಸ್ಸಿನ ಮಾತನ್ನು ತಂದಳು, ದೂರ ಹೆಚ್ಚಾದರೆ ಹೆಣ್ಣುಮಕ್ಕಳು ಶಾಲೆ ಬಿಡುತ್ತಾರೆ ಅನ್ನುವುದನ್ನೂ ತಂದಳು. ತಂಗಿಗೆ ಅನ್ಯಾಯ ಮಾಡಿದೆನೆಂಬ ಅಳುಕಿನಲ್ಲಿ ‘ಮನಮುಟ್ಟುವಂತೆ’ ಅಂತಲೂ ಸೇರಿಸಿದಳು. ನಿಯಮಗಳಲ್ಲಿ ಬಸ್ಸನ್ನು ಕಡ್ಡಾಯ ಮಾಡುವ ಬಗ್ಗೆ ಪರಿಶೀಲಿಸುತ್ತೇವೆ ಎಂದು ಮಂತ್ರಿ ಕೊಟ್ಟ ಉತ್ತರ ಪುಟದಿಂದ ಬಿಟ್ಟುಹೋಯಿತು.

ಉಪ್ಪು ಓದಿ ಪುಟ ಕೆಳಗಿಟ್ಟರು. “ಈಗ ಮಂತ್ರಿ ಸೊರಗಿಹೋದ್ರು. ಸಾಲು ಎಣಿಸಿ ಸಮ ಮಾಡಿ ಅಂತ ನಾನು ಹೇಳ್ತಿಲ್ಲ. ಇಬ್ಬರೂ ಓದಿ, ಹೌದು, ನಾನು ಹೇಳಿದ್ದು ಇದೇ ಅನ್ನಬೇಕು. ನೀವು ಯಾವತ್ತೂ ಹೀಗೆ ತಪ್ಪಿದವರಲ್ಲ. ಏನಾಗಿದೆ?”

ಅಕ್ಕ ಕಿಟಕಿ ಕಡೆ ನೋಡಿದಳು. “ಆಕೆ ನನ್ನ ತಂಗಿ ಸಾರ್.”

ಅವರು ಪುಟವನ್ನು ಮತ್ತೆ ಕೈಗೆತ್ತಿಕೊಂಡರು. “ಮೊದಲೇ ಹೇಳಬೇಕಿತ್ತು. ಪಕ್ಕದ ಮೇಜಿಗೆ ಕೊಡಿ. ಇನ್ನು ಅವರು ಮಾತಾಡಿದ ಚರ್ಚೆ ನಿಮಗೆ ಬೇಡ.”

ಪಕ್ಕದ ಮೇಜಿನಲ್ಲಿ ಹೋದ ವರ್ಷ ಸೇರಿದ ಹುಡುಗಿ. ಒಂದು ಮಾತೂ ಕೇಳದೆ ಬರೆದಳು. ಇಬ್ಬರಿಗೂ ‘ಹೇಳಿದರು’. ಹಳ್ಳವಿಲ್ಲ. ಬಸ್ಸಿನ ಪದದ ಕುರಿತ ಆಕ್ಷೇಪ, ಅದರ ಬೆನ್ನಿಗೇ ಮಂತ್ರಿಯ ಉತ್ತರ, ಕೊನೆಗೆ ಮಸೂದೆಯನ್ನು ಸಮಿತಿಗೆ ಒಪ್ಪಿಸಿದ ನಿರ್ಣಯ. ಅಕ್ಕ ತಪ್ಪು ಹುಡುಕಿಕೊಂಡೇ ಓದಿದಳು. ಒಂದೂ ಸಿಗಲಿಲ್ಲ.

ಮರುದಿನ ತಂಗಿಯ ಫೋನ್ ಬಂತು.

“ಅಕ್ಕಾ, ಸಾರಾಂಶ ಓದಿದೆ. ನಾನು ಅಷ್ಟು ಹೊತ್ತು ಒದರಿದ್ದು ನಾಲ್ಕು ಸಾಲಲ್ಲಿ ಎಷ್ಟು ಸ್ಪಷ್ಟವಾಗಿದೆ ಗೊತ್ತಾ? ಮಂತ್ರಿಗಳೂ ಓದಿ, ನಾನು ಹೇಳಿದ್ದು ಇದೇ ಅಂದ್ರು. ನೀನೇ ಬರೆದಿದ್ದಲ್ವಾ? ಅಪ್ಪಂಗೆ ಈಗಷ್ಟೇ ಓದಿ ಹೇಳಿದೆ, ಅಕ್ಕ ಬರೆದಿದ್ದು ಅಂತ.”

“ಅಪ್ಪ ಏನಂದ್ರು?”

“ಇನ್ನೊಂದ್ಸಲ ಓದು ಅಂದ್ರು.”

ಹೂಂ ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಪಕ್ಕದ ಮೇಜಿನ ಹುಡುಗಿ ತಲೆ ಬಗ್ಗಿಸಿ ಇನ್ನೇನೋ ಬರೆಯುತ್ತಿದ್ದಳು. ಅವಳ ಬಗ್ಗಿದ ಕತ್ತು ಕಂಡರೂ ಅಕ್ಕನಿಗೆ ಹೊಟ್ಟೆಯಲ್ಲಿ ಕಿಚ್ಚು.

“ನಾನಲ್ಲ ಕಣೇ,” ಅಂದಳು. “ನಾನು ಬರೆದಿದ್ದು ವಾಪಸ್ ಬಂತು. ಅಪ್ಪಂಗೂ ಹೇಳಿಬಿಡು.”

“ಯಾಕೆ ವಾಪಸ್ ಬಂತು?”

“ನಿನ್ನ ಮೇಲೆ ಹೊಟ್ಟೆಕಿಚ್ಚು ನಂಗೆ. ಅದು ಪುಟದಲ್ಲೆಲ್ಲ ಕಾಣಿಸ್ತಿತ್ತು.”

ತಂಗಿ ನಕ್ಕಳು. ತಮಾಷೆ ಅಂದುಕೊಂಡಳೋ ಏನೋ. ಅಕ್ಕ ನಗಲಿಲ್ಲ.